ಆಳಿನಿಂದಲೇ ಅಡ್ವಾನ್ಸ್

ಸೋಮವಾರ, ಸಂಜೆ ನಾಲ್ಕೂಮುಕ್ಕಾಲು. ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಾನು, ತೋಟಕ್ಕೆ ಆಳು ಕರೆತರುವ ನಮ್ಮ ಮೇಸ್ತ್ರಿ ಮತ್ತು ಅವರ ಮಗಳು ಇದ್ದೆವು. ಚಿಕ್ಕಮಗಳೂರಿನ ಒಂದು ರೆಸಾರ್ಟಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆಯೆಂದು ವಾಟ್ಸಾಪ್ ಬಂದಿತ್ತು. ಸಂದರ್ಶನವಿಲ್ಲ. ಆರು ಗಂಟೆಯೊಳಗೆ ಎರಡು ಸಾವಿರ ರೂಪಾಯಿ, ಆಧಾರ್ ಮತ್ತು ಪಾಸ್‌ಬುಕ್ಕಿನ ಫೋಟೊ ಕಳಿಸಬೇಕಿತ್ತು. ಆರು ತಿಂಗಳಿಂದ ಕೆಲಸ ಹುಡುಕುತ್ತಿದ್ದ ಅವಳು ಫೋಟೊ ತೆಗೆದಾಗಿತ್ತು, ಇನ್ನೂ ಕಳಿಸಿರಲಿಲ್ಲ.

“ಆಳು ಕರಿಯೋಕೆ ಹೋದ್ರೆ ನಾನು ಅಡ್ವಾನ್ಸ್ ಕೊಡ್ಬೇಕು ರೈಟ್ರೇ. ಇವ್ರು ಆಳಿನ ಹತ್ರನೇ ಕೇಳ್ತಾರಲ್ಲ! ಈ ವಿದ್ಯೆ ನಂಗ್ಯಾರೂ ಹೇಳ್ಕೊಡ್ಲಿಲ್ಲ,” ಎಂದರು ಮೇಸ್ತ್ರಿ.

“ಸುಮ್ನಿರಪ್ಪ. ನಿಜ ಆಗಿದ್ರೆ?” ಎಂದಳು ಮಗಳು.

“ರೆಸಾರ್ಟಿನವ್ರನ್ನೇ ಕೇಳು,” ಎಂದೆ.

ಮೆಸೇಜು ಬಂದ ನಂಬರಿಗಲ್ಲ, ರೆಸಾರ್ಟಿನ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿಸಿದೆ. ಅವರು ಯಾರನ್ನೂ ಆಯ್ಕೆ ಮಾಡಿರಲಿಲ್ಲ. ಕೆಲಸಕ್ಕೆ ಹಣ ಕೇಳುವುದೂ ಇಲ್ಲವಂತೆ. ಅವಳು ಮೆಸೇಜು ಬಂದ ನಂಬರಿಗೆ “ಹಣ, ದಾಖಲೆ ಯಾವುದನ್ನೂ ಕಳಿಸುವುದಿಲ್ಲ” ಎಂದಷ್ಟೇ ಬರೆದಳು.

“ಕೆಲಸ ಬೇರೆಯವರಿಗೆ ಹೋಗುತ್ತದೆ ಮೇಡಂ” ಎಂದು ತಕ್ಷಣ ಉತ್ತರ ಬಂತು.

“ಪಾಪ, ಯಾರಿಗೋ,” ಎಂದರು ಮೇಸ್ತ್ರಿ.

ಅವಳು ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆ ನಂಬರನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದಳು. ಬಳಿಕ ಕುಳಿತು ಮೂಡಿಗೆರೆಯ ಒಂದು ಹೋಂಸ್ಟೇಗೆ ಅರ್ಜಿ ಬರೆದೆವು. ಅದರಲ್ಲಿ ಆಧಾರ್ ಸಂಖ್ಯೆ ಹಾಕಲಿಲ್ಲ. ಐದೂ ಐವತ್ತಕ್ಕೆ ಅರ್ಜಿ ಮುಗಿಯಿತು.