ಏಳನೇ ನಿಮಿಷದ ಗಂಟೆ

ಆ ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರಮ್ಮನಿಗೆ 'ಪುರಾಣ' ಎಂದೇ ಹೆಸರು. ಅವಳು ಕೇಸು ವಿವರಿಸಿದರೆ, ರೋಗಿಯ ಹೊಟ್ಟೆನೋವು ಶುರುವಾಗುವ ಮೊದಲು ಅವನ ಮನೆಯ ನಾಯಿಯ ಕಾಲುನೋವು ಮುಗಿಯಬೇಕಿತ್ತು. ರೋಗಿಗಳ ಕೇಸು ಮಂಡಿಸುವ ಗುರುವಾರದ ಸಭೆಯಲ್ಲಿ ಏಳನೇ ನಿಮಿಷಕ್ಕೆ ಗಂಟೆ ಬಾರಿಸುವುದು ಹೆಡ್‌ ಡಾಕ್ಟರ ಕಟ್ಟುನಿಟ್ಟು. ಎರಡು ಸಲ ಅವಳು ರೋಗದ ಹೆಸರು ಹೇಳುವ ಮೊದಲೇ ಗಂಟೆ ಮೊಳಗಿತ್ತು.

"ಮೂರನೇ ಸಲವೂ ಗಂಟೆ ಬಾರಿಸಿದರೆ ಈ ವರ್ಷದ ಪರೀಕ್ಷೆಯ ನಿನ್ನ ಅರ್ಜಿಗೆ ಸಹಿ ಹಾಕಲ್ಲಮ್ಮ," ಎಂದಿದ್ದರು ಅವರು.

ಬುಧವಾರ ಸಂಜೆ ಅವಳು ಸೋದರತ್ತೆಯ ಮುಂದೆ ತಾಲೀಮು ಶುರುಮಾಡಿದಳು. ಮೂವತ್ತು ವರ್ಷ ಬಟ್ಟೆ ಹೊಲಿದ ಅತ್ತೆ ಟೇಪು ಕೊರಳಿಗೆ ಹಾಕಿಕೊಂಡೇ ಕುಳಿತಳು. ಈ ಸಲ ರೋಗಿಯ ಕಥೆಯ ಮೇಲೆ ಕತ್ತರಿ ಜೋರಾಗಿಯೇ ಆಡಿತ್ತು. ನಾಯಿ ಹೋಗಿತ್ತು, ಭಾವಮೈದುನನ ಮದುವೆ ಹೋಗಿತ್ತು. ಕೊನೆಗೆ ಅವಳು ಗೆಲುವಿನಿಂದ ಹೇಳಿದಳು: "ಹಳೇ ಬ್ಯಾಟರಿ ಬಿಚ್ಚೋ ಕೆಲಸ ಇವನದು. ಹಾಗಾಗಿ ಇದು ಸೀಸದ ವಿಷ!"

"ನಿಲ್ಸೇ ತಾಯಿ," ಎಂದಳು ಅತ್ತೆ. "ಬ್ಯಾಟರಿ ಎಲ್ಲಿಂದ ಬಂತು? ತೋಳೇ ಇಲ್ದಿರೋ ಅಂಗಿಗೆ ಕಫ್ ಪಟ್ಟಿ ಹಚ್ತಿದ್ದೀಯಲ್ಲ!"

"ಕೊನೇಲಿ ಹೇಳಿದ್ರೆ ಎಲ್ಲರೂ ಬೆರಗಾಗ್ತಾರೆ ಅಂತ..."

"ಬೆರಗಾಗಲ್ಲ, ಬೈತಾರೆ. ಅವರಿಗೂ ಯೋಚ್ನೆ ಹೊಲಿಯೋಕೆ ಬಟ್ಟೆ ಕೊಡಬೇಡ್ವಾ?"

ಅವಳು ಟಿಪ್ಪಣಿ ತಿರುವಿ ನೋಡಿದಳು. ನಾಯಿಯ ಜೊತೆ ಅವಸರದಲ್ಲಿ ಬ್ಯಾಟರಿಯೂ ಹೊರಬಿದ್ದಿತ್ತು. ಕೊನೆಗೆ ಬೇಕಾಗುವ ಸುಳಿವನ್ನು ಮೊದಲೇ, ಅದರ ಜಾಗದಲ್ಲೇ ಇಡಬೇಕು, ಬೇಡವಾದದ್ದನ್ನಷ್ಟೇ ಕತ್ತರಿಸಬೇಕು.

ಗುರುವಾರ ಸಭೆಯಲ್ಲಿ ಅವಳು ಆರಂಭಿಸಿದಳು. "ನಲವತ್ತೆರಡು ವರ್ಷದ ಪುರುಷ, ಹಳೇ ಬ್ಯಾಟರಿ ಬಿಚ್ಚುವ ಕೆಲಸ. ಮೂರು ವಾರದಿಂದ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ. ಜ್ವರ, ವಾಂತಿ ಇಲ್ಲ." ಪರೀಕ್ಷೆಯಲ್ಲಿ ಹೊಟ್ಟೆ ಮೃದು, ಕಣ್ಣು ಬಿಳಿಚಿದೆ, ಒಸಡಿನ ಅಂಚಿನಲ್ಲಿ ನೀಲಿ ಗೆರೆ. ರಕ್ತಹೀನತೆ, ಕೆಂಪು ಕಣಗಳಲ್ಲಿ ನೀಲಿ ಚುಕ್ಕಿಗಳು. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಒಗ್ಗೂಡಿಸಿದಳು. ಕರುಳು ಕಟ್ಟಿದೆಯೇ? ಎಕ್ಸ್‌ರೇ ಇಲ್ಲವೆಂದಿತು. ಪೋರ್ಫಿರಿಯ ಎಂಬ ಅಪರೂಪದ ಆನುವಂಶಿಕ ಕಾಯಿಲೆಯೇ? ಅದು ನೋವನ್ನು ವಿವರಿಸುತ್ತದೆ, ಚುಕ್ಕಿಗಳನ್ನಲ್ಲ. ಹಿಂದಿನ ಸಾಲಿನಿಂದ ಯಾರೋ "ಸೀಸ!" ಎಂದು ಅವಳಿಗಿಂತ ಮುಂಚೆಯೇ ಪಿಸುಗುಟ್ಟಿದರು. ಅವಳ ಬೆನ್ನು ನೆಟ್ಟಗಾಯಿತು. ರಕ್ತದ ಸೀಸದ ಮಟ್ಟವೂ ಅದನ್ನೇ ಹೇಳಿತ್ತು. ಆ ಕೆಲಸ ಬಿಡಿಸಿ, ಸೀಸ ಹೊರಹಾಕುವ ಔಷಧಿ ಕೊಟ್ಟ ಮೇಲೆ ನೋವು ಇಳಿಯಿತು.

"ಕಲಿತದ್ದು ಮೂರು: ಕಾರಣ ತಿಳಿಯದ ಹೊಟ್ಟೆನೋವಿನ ಜೊತೆ ರಕ್ತಹೀನತೆಯಿದ್ದರೆ ಉದ್ಯೋಗ ಕೇಳಿ, ಒಸಡು ನೋಡಿ, ಮನೆಯ ಮಕ್ಕಳ ರಕ್ತವನ್ನೂ ಪರೀಕ್ಷಿಸಿ. ಧೂಳು ಅಪ್ಪನ ಬಟ್ಟೆಯಲ್ಲಿ ಮನೆಗೆ ಬರುತ್ತದೆ."

ಆರು ನಿಮಿಷ ನಲವತ್ತು ಸೆಕೆಂಡು. ಹೆಡ್‌ ಡಾಕ್ಟರು ಅಲ್ಲಿಯೇ ಅರ್ಜಿಗೆ ಸಹಿ ಹಾಕಿ ಎದ್ದು ನಿಂತರು. "ನಾನು ಓದುವಾಗಲೂ ಇಂಥ ಒಬ್ಬ ರೋಗಿ ಬಂದಿದ್ದ. ಅವನದೊಂದು ಸೈಕಲ್ ಇತ್ತು, ಆ ಸೈಕಲ್ ಕೊಟ್ಟದ್ದು ಅವನ ಮಾವ..."

ಮಾವನ ಮನೆಯ ಬಾವಿಯವರೆಗೆ ಕಥೆ ಬಂದಾಗ ಏಳು ನಿಮಿಷ ದಾಟಿತ್ತು. ಹಿರಿಯ ನರ್ಸಮ್ಮ ಗಂಟೆಯನ್ನು ಮೆಲ್ಲಗೆ ಕಿರಿಯ ಡಾಕ್ಟರಮ್ಮನ ಕಡೆ ಸರಿಸಿದಳು. ಇವಳು ಕೈಯಲ್ಲಿದ್ದ ಅರ್ಜಿಯ ಸಹಿ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಒಣಗಿತ್ತು. ಬಾರಿಸಿದಳು.