ಯಾವ ಗ್ಯಾಸ್?

ಮುಡಬಿಯ ದತ್ತಾತ್ರಿಯ ಮಗಳು ಪ್ರಣಿತಾ ಬಾಯಿಪಾಠದಿಂದ ಡಾಕ್ಟರಾದವಳು. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಬಾಯಿಪಾಠ ಕೆಟ್ಟದ್ದು ಎಂದು ಭಾಷಣ ಬಿಗಿಯುವವರ ಮನೆಯಲ್ಲಿ ಅಲಮಾರಿ ತುಂಬ ಪುಸ್ತಕಗಳಿರುತ್ತವೆ. ಕೂಲಿಗೆ ಹೋಗುವ ದತ್ತಾತ್ರಿಯ ಮನೆಗೆ ಬಂದ ಪುಸ್ತಕ ಕಡ ತಂದದ್ದು. ವಾಪಸು ಕೊಡುವ ಮೊದಲು ಅದನ್ನು ತಲೆಯೊಳಗೆ ಇಳಿಸಿಕೊಳ್ಳಬೇಕಿತ್ತು. ವಿಹಾರದಲ್ಲಿ ತಡವರಿಸದೆ ಪಂಚಶೀಲ ಹೇಳುತ್ತಿದ್ದ ಹುಡುಗಿ, ಮೆಡಿಕಲ್ ಕಾಲೇಜಿನಲ್ಲೂ ಹಾಗೇ ಪುಟಗಟ್ಟಲೆ ಒಪ್ಪಿಸಿದಳು. ಹಾಸ್ಟೆಲಿನವರು ಅವಳಿಗೆ ‘ಟೇಪ್’ ಎಂದು ಹೆಸರಿಟ್ಟರು. ನಗುತ್ತಲೇ ಅವಳ ಟಿಪ್ಪಣಿ ಎರವಲು ಒಯ್ದರು.

ಆ ತಲೆ ಅವಳಿಗೆ ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ಕುರ್ಚಿ ಕೊಟ್ಟಿತು. ಅದೇ ಕುರ್ಚಿಯ ಮುಂದೆ ಒಂದು ಮುಂಜಾನೆ ಸಲ್ಮಾನ್ ಬಂದು ನಿಂತ. ಕೆಮಿಕಲ್ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಟ್ಟಿಮುಟ್ಟಾದ ಆಳು.

“ಗ್ಯಾಸ್ ಆಗ್ಯಾದ್ರಿ ಮೇಡಂ. ಎದಿ ಉರಿಯಾಕತ್ತದ. ಜರಾ ಖೆಮ್ಮೂ ಅದ.”

ಹೊರಗೆ ಸಾಲು ಬಾಗಿಲು ದಾಟಿತ್ತು. ಪ್ರಣಿತಾ ಚೀಟಿಯ ಮೇಲೆ ‘ಎದೆ ಉರಿ, ಹುಳಿತೇಗಿನ ತೊಂದರೆ’ ಎಂದು ಬರೆದು, ಹೊಟ್ಟೆಯ ಉರಿಗೆ ಇಂಜೆಕ್ಷನ್ ಕೊಡಿಸಿ ಮನೆಗೆ ಕಳಿಸಿದಳು. ಸಂಜೆ ಅವನನ್ನು ಹೊತ್ತು ತಂದರು. ಬಾಯಲ್ಲಿ ಕೆಂಪು ನೊರೆ, ತುಟಿ ನೀಲಿ. ಬೀದರಿಗೆ ಹೊರಟ ಆಂಬುಲೆನ್ಸಿನಲ್ಲಿ ದಾರಿಯಲ್ಲೇ ತೀರಿಕೊಂಡ. ಪಾಳಿಯಲ್ಲಿ ಕಂದು ಹಳದಿ ಹೊಗೆ ಕುಡಿದಿದ್ದನೆಂದು ಆಮೇಲೆ ಜೊತೆಗಾರರು ಹೇಳಿದರು. ಹೊಟ್ಟೆಯ ಗ್ಯಾಸಲ್ಲ, ಕಾರ್ಖಾನೆಯ ಗ್ಯಾಸು.

ಕ್ರೂರವಾದ ಮಾತೆಂದರೆ, ಪ್ರಣಿತಾಳಿಗೆ ಆ ಪುಟ ಬಾಯಿಗೆ ಬರುತ್ತಿತ್ತು. ಇಂಥ ಹೊಗೆ ಕುಡಿದವರಿಗೆ ಮೊದಲು ಬರೀ ಉರಿ, ಕೆಮ್ಮು. ನಡುವೆ ಕೆಲ ತಾಸು ಆರಾಮ ಅನ್ನಿಸುತ್ತದೆ. ಆಮೇಲೆ ಶ್ವಾಸಕೋಶದಲ್ಲಿ ನೀರು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪೂರ್ತಿ ಅಂಕ ಪಡೆದಿದ್ದಳು.

ಅಳು ಬರಲಿಲ್ಲ. ಅವಳೊಳಗೆ ಏನೋ ಮರಗಟ್ಟಿತು. ಉಂಡಳು, ಮಲಗಿದಳು, ಡ್ಯೂಟಿಗೆ ಹೋದಳು. ಆದರೆ ಯಾರು ಬಂದರೂ ಬೀದರಿಗೆ ಬರೆದುಕೊಟ್ಟಳು. ನರ್ಸ್ ಆಮ್ರಪಾಲಿಗೆ ತಡೆಯಲಾಗಲಿಲ್ಲ: “ಮೇಡಂ, ಕಾಲಿಗೆ ಮುಳ್ಳು ಚುಚ್ಚಿದಂವಗೂ ಬೀದರ್ ತೋರ್ಸಿದ್ರ, ಹೊರಗ ‘ಬಸ್ ಸ್ಟ್ಯಾಂಡ್’ ಅಂತ ಬೋರ್ಡ್ ಹಾಕ್ರಿ.”

ಪ್ರಣಿತಾ ಅಪ್ಪನಿಗೆ ಫೋನ್ ಮಾಡಿದಳು. “ನೌಕರಿ ಬಿಡ್ತೀನಪ್ಪಾ. ಇನ್ನೊಬ್ಬನ ಕೊಲ್ಲೂದು ಬ್ಯಾಡ.”

ದತ್ತಾತ್ರಿ, “ಬಿಡೂ ಮುಂಚೆ ನಿನಗ ಕಲಿಸಿದಂವಗ ಒಂದ್ ಮಾತ್ ಕೇಳು” ಎಂದ.

ಕಲಿಸಿದವರು ಗುರುನಾಥ. ಕಾಲೇಜಿನಿಂದ ನಿವೃತ್ತರಾಗಿ ಬಸವಕಲ್ಯಾಣದಲ್ಲಿ ದವಾಖಾನೆ ಇಟ್ಟವರು. ರಜೆಯ ದಿನ ಪ್ರಣಿತಾ ಬಸ್ ಹತ್ತಿ ಹೋಗಿ ಸಲ್ಮಾನನ ಸಾವನ್ನು ಹೇಳಿದಳು. ಅವರು ಸಮಾಧಾನ ಹೇಳಲಿಲ್ಲ. ತಾವು ಕಂಡ ರೋಗಿಯೊಬ್ಬಳ ಸಾರಾಂಶದ ಹಾಳೆಯನ್ನು ಮುಂದಿಟ್ಟು, ಔಷಧಿ ಡಬ್ಬಿಯ ರಟ್ಟಿನಿಂದ ಮುಚ್ಚಿ, ಮೇಲಿನ ಸಾಲಷ್ಟೇ ಕಾಣುವಂತೆ ಸರಿಸಿದರು.

“ಹದಿನೆಂಟರ ಹುಡುಗಿ. ಹೊಟ್ಟಿ ಬ್ಯಾನಿ, ವಾಂತಿ. ಏನಿರಬಹುದು?”

ಟೇಪ್ ತಿರುಗಿತು. ಪಿತ್ತಕೋಶದಿಂದ ಕರುಳಿನವರೆಗೆ ಎಲ್ಲ ಕಾಯಿಲೆಗಳನ್ನೂ ಸಾಲಾಗಿ ಹೇಳತೊಡಗಿದಳು.

“ಸಂತಿ ಯಾದಿ ಓದಬ್ಯಾಡವಾ. ಈ ಹುಡುಗಿಗಿ ಹೊಂದೂವು ಎರಡು ಮೂರು ಹೇಳು. ಅದರಾಗ ಯಾವುದು ಮೊದಲು ಕೊಲ್ತದ, ಅದನ್ನೂ ಹೇಳು. ಬರದಿಡು. ರಟ್ಟು ಸರಿಸಿದ ಮ್ಯಾಲ ‘ನಾನೂ ಇದೇ ಅಂದಿದ್ದೆ’ ಅನ್ನಬಾರದು.”

ಅಪೆಂಡಿಕ್ಸ್, ನಾಳದಲ್ಲಿ ಕಟ್ಟಿದ ಬಸಿರು, ಹೊಟ್ಟೆಯ ಸೋಂಕು. ಮೊದಲು ಕೊಲ್ಲುವುದು ಬಸಿರು. ಬರೆದಳು. ರಟ್ಟು ಕೆಳಗಿಳಿಯಿತು: ತಿಂಗಳಿಂದ ತೂಕ ಇಳಿದಿದೆ, ಪದೇಪದೇ ಮೂತ್ರ, ಉಸಿರು ಆಳ ಮತ್ತು ಜೋರು.

“ಈಗ ಯಾವುದು ಮ್ಯಾಲೇರ್ತು, ಯಾವುದು ಕೆಳಗಿಳೀತು? ಯಾಕ?”

ಅವಳು ನಿಧಾನವಾಗಿ ಹೇಳಿದಳು: ತೂಕ ಇಳಿದದ್ದಕ್ಕೂ ಉಸಿರಿಗೂ ಅಪೆಂಡಿಕ್ಸ್ ಉತ್ತರ ಕೊಡುವುದಿಲ್ಲ, ಸಕ್ಕರೆ ಏರಿ ರಕ್ತ ಹುಳಿಯಾದರೆ ಎಲ್ಲಕ್ಕೂ ಉತ್ತರ ಸಿಗುತ್ತದೆ. ಮೊದಲು ಸಕ್ಕರೆ ನೋಡಬೇಕು. ಆದರೂ ಬಸಿರನ್ನು ಪರೀಕ್ಷೆಯಿಲ್ಲದೆ ಬಿಡುವಂತಿಲ್ಲ.

“ಹಾಂ. ಪುಸ್ತಕ ರೋಗದ ಹೆಸರಿನಿಂದ ಸುರು ಆಗ್ತದ. ರೋಗಿ ಹೆಸರು ಹಚ್ಕೊಂಡು ಬರಂಗಿಲ್ಲ, ತ್ರಾಸ ಹೊತ್ಕೊಂಡು ಬರ್ತಾನ. ಬಾಯಿಪಾಠ ನಿನ್ನ ಕಣಜ, ಒಗೀಬ್ಯಾಡ. ಆದ್ರ ಯಾವ ಚೀಲ ಬಿಚ್ಚಬೇಕು ಅನ್ನೂದು ಕಣಜ ಹೇಳಂಗಿಲ್ಲ.”

ಹೊರಡುವಾಗ ಅವರು, ಮುಂದಿನ ಸಲ ಸಲ್ಮಾನನ ಸಾರಾಂಶ ಬರೆದು ತಾ ಎಂದರು.

ತಂದಳು. ಮೊದಲ ಸಾಲು: ‘ಯುವಕ, ಎದೆ ಉರಿ, ಹುಳಿತೇಗಿನ ತೊಂದರೆ’. ಗುರುನಾಥ ರಟ್ಟನ್ನು ಅಲ್ಲೇ ಹಿಡಿದರು.

“ಇದು ಅವನ ಮಾತೋ, ನಿಂದೋ?”

“ಅಂವ... ಗ್ಯಾಸ್ ಅಂದಿದ್ದ ಸರ್.”

“ಮತ್ತ ಗ್ಯಾಸ್ ಎಲ್ಲಿ?”

ಹಾಳೆಯಲ್ಲಿ ಇರಲಿಲ್ಲ. ಅವನ ಮಾತನ್ನು ಅವಳು ಕಿವಿಯಲ್ಲೇ ತರ್ಜುಮೆ ಮಾಡಿ, ಆ ತರ್ಜುಮೆಗೆ ಔಷಧಿ ಕೊಟ್ಟಿದ್ದಳು. ಕೆಮ್ಮನ್ನೂ ಬರೆದಿರಲಿಲ್ಲ, ಹುಳಿತೇಗಿಗೆ ಅದು ಬೇಕಿರಲಿಲ್ಲವಲ್ಲ. ಕೆಲಸ ಎಲ್ಲಿ ಎಂದೂ ಕೇಳಿರಲಿಲ್ಲ. ಆ ಸಾಲನ್ನು ಹೊಡೆದು ಮತ್ತೆ ಬರೆದಳು: ‘ಕೆಮಿಕಲ್ ಕಾರ್ಖಾನೆಯ ಆಳು, ಪಾಳಿ ಮುಗಿದ ಕೂಡಲೇ ಎದೆ ಉರಿ, ಹೊಸ ಕೆಮ್ಮು, “ಗ್ಯಾಸ್ ಆಗ್ಯಾದ” ಅಂತಾನೆ’. ಓದಿದರೆ ಉತ್ತರ ಅದರಲ್ಲೇ ಕೂತಿತ್ತು. ಗುರುನಾಥ ಬೈಯಲಿಲ್ಲ. ಬೈದಿದ್ದರೂ ಅವಳಿಗೆ ತಾಕುತ್ತಿರಲಿಲ್ಲ.

“ಈ ವಾರ ನಿನ್ನ ಕುರ್ಚ್ಯಾಗ ಕುಂದ್ರು. ಆಮ್ಯಾಲ ಬಿಡೂದಿದ್ರ ಬಿಡು” ಎಂದರು.

ಆ ವಾರವೇ ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಗುಂಡಪ್ಪ ಹೆಂಡತಿ ಶಕುಂತಲಾಬಾಯಿಯ ಭುಜ ಹಿಡಿದು ಬಂದ.

“ಗ್ಯಾಸ್ ರೀ ಮೇಡಂ. ಸೋಡಾ ಕುಡ್ದೆ, ಹೋಗವಲ್ದು.”

ಪ್ರಣಿತಾಳ ಕಣ್ಮುಂದೆ ಕೆಂಪು ನೊರೆ ಬಂತು. ಕೈ ಬೀದರಿನ ಚೀಟಿಯತ್ತ ಹೋಯಿತು. ತಡೆದಳು. ಹೆದರಿಕೆಯೂ ಒಂದು ಬಾಯಿಪಾಠವೇ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಒಪ್ಪಿಸುತ್ತದೆ.

“ಯಾವ ಗ್ಯಾಸ್?”

ಗುಂಡಪ್ಪ ಹೆಂಡತಿಯತ್ತ ತಿರುಗಿದ. “ನೋಡು, ಗ್ಯಾಸಿಗೂ ಜಾತಿ ಕೇಳಾಕತ್ತಾರ.”

“ಸಿಲಿಂಡರಿಂದೋ ಗೋಬರಿಂದೋ ಹೇಳ್ರಿ ಕಾಕಾ” ಎಂದಳು ಆಮ್ರಪಾಲಿ. “ಜಾತಿ ಕೇಳಿ ರೂಢಿ ನಮಗಿಲ್ಲ.”

ಪ್ರಣಿತಾ ನಗಲಿಲ್ಲ. ಒಂದೊಂದೇ ಕೇಳಿದಳು. ಕಾರ್ಖಾನೆಯ ಕಡೆ ಹೋಗಿಲ್ಲ, ಹೊಗೆ ಇಲ್ಲ, ಕೆಮ್ಮಿಲ್ಲ. ಗೋದಾಮಿನಲ್ಲಿ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿ ಹತ್ತುವಾಗ ಶುರುವಾಯಿತು. ಎದೆಯ ಮೇಲೆ ಕಲ್ಲಿಟ್ಟಂತೆ, ದವಡೆಗೂ ಎಳೆತ. ಸಕ್ಕರೆ ಕಾಯಿಲೆ ಹಳೆಯದು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಿದಳು: ವಯಸ್ಸಾದ ಸಕ್ಕರೆ ರೋಗಿ, ದಣಿವಿನಲ್ಲಿ ಶುರುವಾಗಿ ನಿಲ್ಲದ ಎದೆಭಾರ, ಬೆವರು, ‘ಗ್ಯಾಸ್’ ಅಂತಾನೆ. ಹೊಟ್ಟೆಯೂ ಇರಬಹುದು. ಮೊದಲು ಕೊಲ್ಲುವುದು ಹೃದಯ.

“ಇಸಿಜಿ ತೆಗಿ, ಈಗಿಂದೀಗ.”

ಹೃದಯದ ಕೆಳಭಾಗಕ್ಕೆ ಹೋಗುವ ರಕ್ತ ನಿಂತದ್ದು ಇಸಿಜಿ ಪಟ್ಟಿಯಲ್ಲಿ ಕಂಡಿತು. ಆಸ್ಪಿರಿನ್ ಅಗಿಸಿ, ಪಟ್ಟಿಯ ಫೋಟೋ ಹೃದಯ ತಜ್ಞರಿಗೆ ಕಳಿಸಿ, ಅವರು ಒಪ್ಪಿದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಳು. ಆಮೇಲೆ ದೊಡ್ಡಾಸ್ಪತ್ರೆಗೆ. ಈ ಸಲ ಕಳಿಸಿದ್ದಕ್ಕೆ ಕಾರಣವಿತ್ತು. ಗುಂಡಪ್ಪ ಬದುಕಿ ತಲುಪಿದ ಸುದ್ದಿ ಫೋನಿನಲ್ಲಿ ಬಂತು. ಪ್ರಣಿತಾಳಿಗೆ ಖುಷಿ ಆಗಲಿಲ್ಲ. “ಆತು” ಎಂದು ಫೋನಿಟ್ಟಳು. ಸಲ್ಮಾನ್ ಸತ್ತವನು ಸತ್ತೇ ಇದ್ದ.

ಮರುದಿನ ಸಾಲಿನಲ್ಲಿ ಕುನಾಲ ಎಂಬ ಆಟೋದವನು ಹೊಟ್ಟೆ ನೀವಿಕೊಳ್ಳುತ್ತ ಬಂದ. “ಗ್ಯಾಸ್ ರೀ.”

ಅವನ ಮಾತನ್ನು ಹಾಗೇ ಬರೆದುಕೊಂಡಳು. “ಯಾವ ಗ್ಯಾಸ್?”

“ಮಿರ್ಚಿ ಭಜಿದು.”

ಕಾರ್ಖಾನೆ ಕೇಳಿದಳು, ಕೆಮ್ಮು ಕೇಳಿದಳು, ಬೆವರು ಕೇಳಿದಳು. ನಾಡಿ ನೋಡಿದಳು, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸಿದಳು. ಆಮ್ರಪಾಲಿ ಬೀದರಿನ ಚೀಟಿಯ ಕಟ್ಟು ಮುಂದೆ ಸರಿಸಿದಳು. ಪ್ರಣಿತಾ ಅದನ್ನು ಪಕ್ಕಕ್ಕೆ ತಳ್ಳಿ ಗುಳಿಗೆ ಬರೆದಳು.

“ಮನಿಗಿ ಹೋಗು. ದಮ್ ಹತ್ತಿದ್ರ, ಬೆವರು ಬಿಟ್ರ ಕೂಡಲೇ ಹೊಳ್ಳಿ ಬಾ.”

ಅವನು ಹೋದ. ಅವಳು ಬಾಗಿಲನ್ನೇ ಒಂದು ಗಳಿಗೆ ನೋಡಿ, ಮುಂದಿನವರನ್ನು ಕರೆದಳು.