ಅರಗಿನ ಕೆಳಗಿನ ತಾರೀಖು

ಮುಚ್ಚಿದ ಲಕೋಟೆ ಕಂಡರೆ ನನ್ನ ಕೈ ತುರಿಸುತ್ತದೆ. ಮದುವೆ ಕಾಗದ ಬಂದರೂ ಮನೆಯೊಳಗೆ ಹೋಗುವ ಪುರುಸೊತ್ತಿಲ್ಲದೆ, ಗೇಟಿನ ಹತ್ತಿರ ನಿಂತೇ ಹರಿದು ನೋಡುವವಳು ನಾನು. ಇಂಥವಳು ವಕೀಲೆಯಾಗಿ, ಕೈಗೆಟುಕುವಷ್ಟು ದೂರದಲ್ಲಿ ಒಂದು ಲಕೋಟೆಯನ್ನಿಟ್ಟುಕೊಂಡು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದ ಕೇಸಿನ ಕತೆ ಇದು. 

ಪೀಣ್ಯದ ಶೆಡ್ಡುಗಳ ಹಿಂದಿನ ಹಳ್ಳಿಯಲ್ಲಿ ನನ್ನ ಕಕ್ಷಿಗಾರ್ತಿಯ ವಠಾರ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲು ಕೋಣೆ ಕಟ್ಟಿಸಿ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆ ಕೊಟ್ಟಿದ್ದ ಹಿರಿಯ ಹೆಂಗಸು. ವಠಾರದವರೆಲ್ಲ ಆಕೆಯನ್ನು ಅಜ್ಜಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನತೊಡಗಿದೆ. ಎಲ್ಲ ಕೋಣೆಗಳಿಗೂ ಅಜ್ಜಿಯ ಬೋರ್‌ವೆಲ್ಲಿನದೇ ನೀರು. ವಿಜಯಪುರದ ಕಡೆಯಿಂದ ಬಂದು ಅಲ್ಲಿ ಬಾಡಿಗೆಗಿದ್ದ ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿಯ ಪುಟ್ಟ ಮಗಳಿಗೆ ಹೊಟ್ಟೆ ಕೆಟ್ಟು, ಮೈಯೆಲ್ಲ ಹುಣ್ಣಾಗಿ, ಆಸ್ಪತ್ರೆಯಲ್ಲಿ ಬಹಳ ದಿನ ಮಲಗುವಂತಾಯಿತು. ನೀರಿನಲ್ಲಿ ವಿಷ ಇದೆ ಎಂದರು ಡಾಕ್ಟರು. ಮಗು ಉಳಿಯಿತು. ಆದರೆ ಅದರ ತಾಯಿ ಕೋಣೆ ಖಾಲಿ ಮಾಡಿದಳು, ಅಜ್ಜಿಯೊಂದಿಗೆ ಮಾತು ಬಿಟ್ಟಳು, ಪರಿಹಾರಕ್ಕೆ ದಾವೆ ಹೂಡಿದಳು. ಅಜ್ಜಿ ಒಂದನೇ ಪ್ರತಿವಾದಿ, ನೀರಿನ ತಪಾಸಣೆ ಮಾಡಬೇಕಿದ್ದ ಸರ್ಕಾರಿ ಇಲಾಖೆ ಎರಡನೆಯದು.

ಇಲಾಖೆಯವರು ಆ ಹಳ್ಳಿಯ ನೀರನ್ನು ಹಿಂದೆಯೇ ಪರೀಕ್ಷೆ ಮಾಡಿಸಿದ್ದರು ಎಂಬುದು ನಮಗೆ ಗೊತ್ತಾಗಿತ್ತು. ಅಜ್ಜಿಯ ಕಣ್ಣೆದುರೇ ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿದ್ದರಂತೆ. ಫಲಿತಾಂಶ ಏನು? ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡಲಾಗದು ಎಂದರು. ಆ ಉತ್ತರ ಕೋರ್ಟಿನ ಕೈ ಕಟ್ಟುವುದಿಲ್ಲವಲ್ಲ, ಫೈಲು ಹಾಜರುಪಡಿಸಬೇಕೆಂದು ನಾನು ಕೋರ್ಟಿನಲ್ಲೇ ಅರ್ಜಿ ಹಾಕಲು ಹೊರಟೆ. ಹಾಕುವ ಮುಂಚೆ ಅಜ್ಜಿಗೆ ಒಂದು ಮಾತು ಹೇಳಬೇಕಿತ್ತು. ಬೋರ್‌ವೆಲ್ಲಿನ ಪಕ್ಕದಲ್ಲೇ ಆಕೆ ತೋಡಿಸಿದ್ದ ಶೌಚದ ಗುಂಡಿ ಇತ್ತು.

"ಅಜ್ಜಿ, ಆ ಪೇಪರ್ ನಮ್ ವಿರುದ್ಧಾನೇ ಇರಬಹುದು. ಗುಂಡಿನೇ ಕಾರಣ ಅಂತ ಬಂದ್ರೆ ನಾವು ಸೋತ ಹಾಗೇ."

"ಬರ್ಲಿ ಕಣವ್ವ. ಆ ಕೂಸು ನನ್ ಮಡ್ಲಲ್ಲಿ ಆಡ್ಕೊಂಡಿತ್ತು. ನಾನೇ ಇಸ ಕುಡ್ಸಿದ್ನೋ ಇಲ್ವೋ ತಿಳೀದೆ ಎಂಗವ್ವ ಕಣ್ಮುಚ್ಲಿ?"

ಗೆಲ್ಲುವುದಕ್ಕಲ್ಲದೆ ತಿಳಿಯುವುದಕ್ಕಾಗಿ ಕೇಸು ನಡೆಸುವ ಕಕ್ಷಿಗಾರರು ಸಿಗುವುದೇ ಅಪರೂಪ. ನನಗೆ ಹುರುಪು ಬಂದುಬಿಟ್ಟಿತು.

ಇಲಾಖೆಯ ಉತ್ತರ ನಾನು ಊಹಿಸಿದ ಹಾಗೇ ಇತ್ತು. ಇಡೀ ಫೈಲು ರಾಜ್ಯದ ವ್ಯವಹಾರಕ್ಕೆ ಸಂಬಂಧಿಸಿದ ಅಪ್ರಕಟಿತ ದಾಖಲೆ, ಬಯಲಾದರೆ ಜನ ಗಾಬರಿಯಾಗುತ್ತಾರೆ, ಅಧಿಕಾರಿಗಳು ಮುಂದೆ ಮನಸ್ಸು ಬಿಚ್ಚಿ ಬರೆಯುವುದಿಲ್ಲ, ಆದ್ದರಿಂದ ಸಾರ್ವಜನಿಕ ಹಿತದ ದೃಷ್ಟಿಯಿಂದ ಕೊಡಲಾಗದು. ಅಫಿಡವಿಟ್‌ಗೆ ಸಹಿ ಹಾಕಿದವರು ಒಬ್ಬ ಅಧೀನ ಕಾರ್ಯದರ್ಶಿ. ಅದನ್ನು ಓದುತ್ತಾ ಹೋದ ಹಾಗೆ ನನಗೆ ನಗು ತಡೆಯಲಾಗಲಿಲ್ಲ. ಮೂರನೆಯ ಪುಟದಲ್ಲಿ "ನೆರೆಯ ರಾಷ್ಟ್ರಗಳೊಂದಿಗಿನ ಸಂಬಂಧಕ್ಕೆ ಧಕ್ಕೆ" ಎಂದಿತ್ತು. ಯಾವುದೋ ಬೇರೆ ಕೇಸಿನ ಅಫಿಡವಿಟ್ಟನ್ನು ಕಂಪ್ಯೂಟರಿನಲ್ಲಿ ಎತ್ತಿ ಇಲ್ಲಿಗೆ ಅಂಟಿಸಿದ್ದರು. ಪೀಣ್ಯದ ಬೋರ್‌ವೆಲ್ ನೀರಿಗೆ ಯಾವ ರಾಷ್ಟ್ರ ಮುನಿಸಿಕೊಳ್ಳುತ್ತದೋ!

ನ್ಯಾಯಾಧೀಶರು ಹೆಚ್ಚು ಮಾತಿನವರಲ್ಲ, ನಗುವವರಂತೂ ಅಲ್ಲವೇ ಅಲ್ಲ. ಸರ್ಕಾರಿ ವಕೀಲರನ್ನು ಕೇಳಿದರು: "ಇದನ್ನ ಇಲಾಖೆಯ ಮುಖ್ಯಸ್ಥರು ಓದಿದಾರಾ? ಯಾವ ದಾಖಲೆ ಹೊರಗೆ ಬಂದ್ರೆ ಏನು ಹಾನಿ ಅಂತ ಎಲ್ಲಿ ಹೇಳಿದಾರೆ?" ಇಡೀ ಫೈಲಿಗೆ ಒಂದೇ ಚಾದರ ಹೊದಿಸಿದರೆ ಆಗದು, ಇಲಾಖೆಯ ಕಾರ್ಯದರ್ಶಿ ಆದೇಶದ ನಂತರ ಮೂಲ ಫೈಲಿನ ಪ್ರತಿ ದಾಖಲೆಯನ್ನೂ ಖುದ್ದಾಗಿ ಓದಿ, ಒಂದೊಂದಕ್ಕೂ ಕಾರಣ ಕೊಟ್ಟು ಹೊಸ ಅಫಿಡವಿಟ್ ಹಾಕಬೇಕು, ಫೈಲನ್ನು ಮೊಹರು ಮಾಡಿ ತರಬೇಕು ಎಂದು ಆದೇಶಿಸಿದರು.

ಮುಂದಿನ ವಿಚಾರಣೆಗೆ ಲಕೋಟೆ ಬಂತು. ಖಾಕಿ ಬಣ್ಣದ್ದು, ದಪ್ಪನೆಯದು, ನಾಲ್ಕು ಕಡೆ ಕೆಂಪು ಅರಗು. ಜೊತೆಗೆ ಕಾರ್ಯದರ್ಶಿಯ ಅಫಿಡವಿಟ್: ಆದೇಶ ಬಂದ ಮೇಲೆ ಮೂಲ ಫೈಲಿನ ಪ್ರತಿಯೊಂದು ಪುಟವನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ, ಎಲ್ಲವೂ ಗೌಪ್ಯ. ಈ ಸಲ ನೆರೆಯ ರಾಷ್ಟ್ರಗಳು ಮಾಯವಾಗಿದ್ದವು.

ಸರ್ಕಾರಿ ವಕೀಲರು ಎದ್ದು ನಿಂತು, ರಾಜ್ಯದ ವ್ಯವಹಾರದ ದಾಖಲೆಯನ್ನು ಕೋರ್ಟು ತೆರೆದು ನೋಡುವಂತೆಯೇ ಇಲ್ಲ ಎಂದು ಕಾಯ್ದೆಯ ಸಾಲು ಓದಿದರು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಸಾಲೇ ಹೊಸದರಲ್ಲೂ ಇದೆ, ನಿಜ. ನಾನು ಜಿಗಿದೆದ್ದೆ. ಅನುಮಾನ ಬಂದಾಗ ನ್ಯಾಯಾಧೀಶರು ಖಾಸಗಿಯಾಗಿ ನೋಡಬಹುದು, ಮುಚ್ಚಿಡುವ ಹಿತ ದೊಡ್ಡದೋ ನ್ಯಾಯ ಸಿಗುವ ಹಿತ ದೊಡ್ಡದೋ ಎಂದು ತೂಗುವುದು ಕೋರ್ಟಿನ ಕೆಲಸ, ಇಲಾಖೆಯದಲ್ಲ ಎಂದು ಮೇಲಿನ ಕೋರ್ಟುಗಳು ಎಂದೋ ತೀರ್ಮಾನಿಸಿವೆ ಎಂದೆ. ನ್ಯಾಯಾಧೀಶರು ತಲೆಯಾಡಿಸಿ, ನೋಡುತ್ತೇನೆ ಎಂದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಲಕೋಟೆ ಒಡೆಯುವ ಮುಂಚೆ ಎರಡೂ ಕಡೆಯ ವಕೀಲರನ್ನು ಹತ್ತಿರ ಕರೆದು, ಮೊಹರು ಸರಿಯಾಗಿದೆಯೇ ಎಂದು ತೋರಿಸುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಮೇಲೆ ಮೇಲೆ ನೋಡಿ "ಸರಿ ಇದೆ ಸ್ವಾಮಿ" ಅಂದು ಹಿಂದೆ ಸರಿಯುತ್ತಾರೆ. ತಾಯಿಯ ಪರ ವಕೀಲರು ಹಾಗೇ ಅಂದರು. ನಾನು ಮಾತ್ರ ಆಸೆಗಣ್ಣಿನಿಂದ ಲಕೋಟೆಯನ್ನು ನುಂಗುವ ಹಾಗೆ ನೋಡುತ್ತಿದ್ದೆ. ಮಡಿಚಿ ಅಂಟಿಸಿದ ತುದಿಯ ಮೇಲೆ, ಅರ್ಧ ಅರಗಿನ ಕೆಳಗೆ, ಸೆಕ್ಷನ್ ಆಫೀಸರ ಸಹಿ ಮತ್ತು ತಾರೀಖು. ಓದಿದೆ. ಇನ್ನೊಮ್ಮೆ ಓದಿದೆ. 

"ಸ್ವಾಮಿ, ಮೊಹರು ಸರಿಯಾಗಿದೆ. ಬಹಳ ಸರಿಯಾಗಿದೆ. ಒಡೆದೇ ಇಲ್ಲ."

"ಅಂದ್ರೆ?"

"ಈ ಅರಗು ಹಾಕಿರೋದು ತಮ್ಮ ಆದೇಶಕ್ಕಿಂತ ಮುಂಚೆ. ಕಾರ್ಯದರ್ಶಿಗಳು ಮೂಲ ಫೈಲು ಓದಿದ್ದು ಆದೇಶ ಆದ್ಮೇಲೆ ಅಂತ ಪ್ರಮಾಣ ಮಾಡಿದಾರೆ. ಅರಗು ಮುರೀದೆ ಹೇಗೆ ಓದಿದ್ರು ಅಂತ ನಂಗೂ ಕಲಿಸಿಕೊಟ್ರೆ ಉಪಕಾರ ಆಗತ್ತೆ."

ಕೋರ್ಟ್ ಹಾಲಿನಲ್ಲಿ ಗುಸುಗುಸು ಎದ್ದಿತು. ಸರ್ಕಾರಿ ವಕೀಲರು ನಕಲು ಓದಿರಬಹುದು ಎಂದರು. "ಮೂಲ ಫೈಲು ಅಂತ ಬರೆದಿದಾರಲ್ಲ" ಎಂದು ನ್ಯಾಯಾಧೀಶರು ಅಫಿಡವಿಟ್ಟಿನ ಆ ಸಾಲಿನ ಮೇಲೆ ಬೆರಳಿಟ್ಟರು. ಪಾಪ, ಸರ್ಕಾರಿ ವಕೀಲರ ತಪ್ಪೇನೂ ಇರಲಿಲ್ಲ, ಇಲಾಖೆಯವರು ಮೊದಲ ಸಲಕ್ಕೇ ಕಟ್ಟಿಟ್ಟಿದ್ದ ಲಕೋಟೆಯನ್ನೇ ಕಳಿಸಿ ಕೈ ತೊಳೆದುಕೊಂಡಿದ್ದರು.

ಇನ್ನೇನು, ಇಲ್ಲೇ ಒಡೆದು ನಮ್ಮ ಕೈಗೆ ಕೊಡುತ್ತಾರೆ ಎಂದುಕೊಂಡೆ. ನ್ಯಾಯಾಧೀಶರು ಲಕೋಟೆಯನ್ನು ವಾಪಸ್ಸು ಕೊಟ್ಟುಬಿಟ್ಟರು! ಕಾರ್ಯದರ್ಶಿ ಈ ಸಲ ನಿಜವಾಗಿ ಓದಿ, ಹಿಂದಿನ ಅಫಿಡವಿಟ್ಟಿಗೆ ವಿವರಣೆ ಕೊಟ್ಟು, ಹೊಸದು ಹಾಕಲಿ ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಸ್ವಾಮಿ, ಸುಳ್ಳು ಹೇಳಿದವರಿಗೆ ಇನ್ನೊಂದು ಅವಕಾಶಾನಾ?"

"ಮೇಡಂ, ಮುಚ್ಚಿಡಬೇಕಾದ್ದು ಇದ್ರೆ ಅದು ಜನರ ಹಿತಕ್ಕೆ, ಆ ಅಧಿಕಾರಿ ಹಿತಕ್ಕಲ್ಲ. ಅವರ ಸೋಮಾರಿತನಕ್ಕೆ ಜನ ಯಾಕೆ ನಷ್ಟ ಅನುಭವಿಸಬೇಕು?"

 ಮೆಟ್ರೋದಲ್ಲಿ ಮನೆಗೆ ಬರುವಷ್ಟರಲ್ಲಿ ಅವರ ಮಾತು ಸರಿ ಎನ್ನಿಸಿತ್ತು, ಆದರೂ ಮುನಿಸು ಹೋಗಿರಲಿಲ್ಲ.

ಮೂರನೆಯ ಅಫಿಡವಿಟ್ ಬಂದಾಗ ನಾನು ಕುಣಿಯುವುದೊಂದು ಬಾಕಿ. ಕಾರ್ಯದರ್ಶಿ ಹಿಂದಿನದಕ್ಕೆ ಕ್ಷಮೆ ಕೇಳಿ, ಈಗ ಓದಿದ್ದೇನೆ ಎಂದು ಬರೆದಿದ್ದರು. ಓದಿದ್ದು ನಿಜವೇ ಇರಬೇಕು, ಯಾಕೆಂದರೆ ಓದಿದವರಿಗೆ ಆ ಫೈಲಿನ ಮೇಲೆ ಅಷ್ಟು ದೊಡ್ಡ ಬೀಗ ಹಾಕಲು ಸಾಧ್ಯವೇ ಇರಲಿಲ್ಲ. ನೀರಿನ ಪರೀಕ್ಷಾ ವರದಿ, ಆ ಪ್ರದೇಶದ ನಕ್ಷೆ ಇವುಗಳ ಮೇಲಿನ ಹಟವನ್ನು ತಾವಾಗಿಯೇ ಬಿಟ್ಟುಕೊಟ್ಟಿದ್ದರು. ಉಳಿದದ್ದು ಎರಡೇ: ಸಚಿವ ಸಂಪುಟಕ್ಕೆ ಸಿದ್ಧಪಡಿಸಿದ ಒಂದು ಟಿಪ್ಪಣಿ, ಇಲಾಖೆಯ ಎಂಜಿನಿಯರ್ ಬರೆದ ಒಂದು ಅಭಿಪ್ರಾಯ.

ಆ ಎರಡನ್ನು ನ್ಯಾಯಾಧೀಶರು ಚೇಂಬರಿನೊಳಗೆ ಒಬ್ಬರೇ ಕೂತು ಓದಿದರು. ನಾವು ಹೊರಗೆ. ಅಜ್ಜಿ ಬೆಂಚಿನ ಒಂದು ತುದಿಯಲ್ಲಿ, ಮಗುವಿನ ತಾಯಿ ಇನ್ನೊಂದು ತುದಿಯಲ್ಲಿ, ನಡುವೆ ನನ್ನ ಕೋಟು, ಪುಸ್ತಕ, ಊಟದ ಡಬ್ಬಿ. ಅಜ್ಜಿ ಒಂದು ಸಲ ಮೆಲ್ಲಗೆ ಕೇಳಿದಳು, "ಕೂಸು ಎಂಗದೆ?" ತಾಯಿ ಕಿವಿ ಕೇಳದವಳ ಹಾಗೆ ಗೋಡೆ ನೋಡಿದಳು.

ಆದೇಶ ಬಂತು. ಸಂಪುಟದ ಟಿಪ್ಪಣಿ ಮುಚ್ಚಿಯೇ ಇರಲಿ, ಅದು ಇನ್ನೂ ತೀರ್ಮಾನವಾಗದ ಬೇರೆ ವಿಷಯ, ಮೊದಲೇ ಬಯಲಾದರೆ ಹಾನಿ ಇದೆ, ಈ ದಾವೆಗೆ ಅದರ ಅಗತ್ಯವೂ ಇಲ್ಲ. ಅಲ್ಲಿ ನಾವು ಸೋತೆವು. ಎಂಜಿನಿಯರ್ ಅಭಿಪ್ರಾಯವನ್ನು ಕೊಡಬೇಕು, ಆದರೆ ಇಲಾಖೆಗೆ ಗುಟ್ಟಾಗಿ ಸುಳಿವು ಕೊಟ್ಟ ಒಬ್ಬ ಫ್ಯಾಕ್ಟರಿ ಕೆಲಸಗಾರನ ಹೆಸರಿನ ಮೇಲೆ ಕಪ್ಪು ಶಾಯಿ ಬಳಿಯಬೇಕು. ಹೆಸರು ಹೊರಬಿದ್ದರೆ ಅವನ ಗತಿಯೇನು ಎಂದು ಯೋಚಿಸಿದಾಗ ಆ ಶಾಯಿಯ ಮೇಲೆ ನನಗೂ ಗೌರವ ಬಂತು. ಇಲಾಖೆ ಬಿಟ್ಟುಕೊಟ್ಟಿದ್ದ ವರದಿ, ನಕ್ಷೆಯೂ ಸೇರಿ ಎಲ್ಲದರ ನಕಲು ಅವತ್ತೇ ಎಲ್ಲ ಕಕ್ಷಿಗಾರರ ಕೈಗೆ ಬಂತು.

ಕಾರಿಡಾರಿನಲ್ಲೇ ನಿಂತು ಕನ್ನಡದಲ್ಲಿ ಓದಿ ಹೇಳಿದೆ. ನೀರಿನಲ್ಲಿದ್ದ ವಿಷ ಲೋಹದ್ದು. ಹಳ್ಳಿಗಿಂತ ಎತ್ತರದಲ್ಲಿದ್ದ, ಲೋಹಕ್ಕೆ ಲೇಪನ ಮಾಡುವ ಒಂದು ಶೆಡ್ಡಿನವರು ಹಳೆಯ ಬೋರ್‌ವೆಲ್ ಕೊಳವೆಯೊಳಕ್ಕೆ ಹೊಲಸು ನೀರು ಬಿಡುತ್ತಿದ್ದರು, ಅದು ನೆಲದೊಳಗೇ ಇಳಿದು ಹಳ್ಳಿಯ ಕಡೆ ಬಂದಿತ್ತು. ಅಜ್ಜಿಯ ಗುಂಡಿಯಿಂದ ಈ ವಿಷ ಬರಲು ಸಾಧ್ಯವಿಲ್ಲ. "ಗೆದ್ವಿ ಅಜ್ಜಿ! ನೀವು ಕಾರಣ ಅಲ್ಲ!" ಎಂದು ಕೂಗಿಯೇಬಿಟ್ಟೆ. ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅಜ್ಜಿ ನಗಲಿಲ್ಲ. "ಈ ನೀರ್ ಹಿಡ್ಕೊಂಡೋಗಿದ್ದು ಯಾವಾಗವ್ವ?"

ವರದಿಯ ತಾರೀಖು ನೋಡಿ ಹೇಳಿದೆ. ಮಗುವಿನ ತಾಯಿ ಆ ವಠಾರಕ್ಕೆ ಬರುವುದಕ್ಕಿಂತ ಮುಂಚಿನದು.

"ಅವತ್ತೇ ಒಂದ್ ಮಾತು ಯೋಳಿದ್ರೆ, ಆ ಬೋರ್ಗೆ ನಾನೇ ಮಣ್ಣಾಕ್ಸ್‌ಬಿಡ್ತಿದ್ನಲ್ಲವ್ವಾ" ಎಂದು ಅಜ್ಜಿ ಕಂಬಕ್ಕೆ ಒರಗಿ ಅಳತೊಡಗಿದಳು. ಅಷ್ಟು ತಿಂಗಳಲ್ಲಿ ಆಕೆ ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ. ನಾನು ಕಾಗದಗಳನ್ನು ಮಡಿಚಿಟ್ಟೆ.

ಮಗುವಿನ ತಾಯಿ ತನ್ನ ನಕಲನ್ನು ವಕೀಲರ ಕೈಗೆ ಕೊಟ್ಟು ನಮ್ಮ ಕಡೆ ಬಂದಳು. ನನ್ನನ್ನು ನೋಡಲಿಲ್ಲ. ಅಜ್ಜಿಯ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ಸೆರಗಿನಿಂದ ಮುಖ ಒರೆಸಿದಳು.

"ಹುಡುಗಿ ಆರಾಮ ಅದಾಳ್ರಿ ಅಜ್ಜಿ. ದಿನಾ ನಿಮ್ನ ಕೇಳ್ತಾಳ."